ಏರಿಳಿತದ ಪಟ್ಟಿಯಿಂದ ವರ್ಷದ ಸರಾಸರಿ: 11 ಸರಿಯೋ, 5.5 ಸರಿಯೋ?

ಓದುಗರ ಪ್ರಶ್ನೆ: ಅಪ್ಪ ರಿಟೈರ್ ಆಗಿದ್ದಾರೆ, ಪಿಎಫ್ ಹಣ ಬಂದಿದೆ. ಪರಿಚಯದ ಏಜೆಂಟರೊಬ್ಬರು ನಿಫ್ಟಿ ಇಂಡೆಕ್ಸ್ ಫಂಡ್‌ಗೆ ಹಾಕಿ ಅಂದರು. ನಿಫ್ಟಿ 50 ಸೂಚ್ಯಂಕ 2008ರಿಂದ 2017ರವರೆಗೆ ವರ್ಷ ವರ್ಷ ಶೇಕಡಾ ಎಷ್ಟು ಏರಿತು, ಇಳಿಯಿತು ಅನ್ನುವ ಲ್ಯಾಮಿನೇಟ್ ಮಾಡಿದ ಹಾಳೆ ತೋರಿಸಿದರು. ಫೋಟೋ ತೆಗೆದುಕೊಂಡು ಬಂದೆ. ಅದರಲ್ಲಿ ಹೀಗಿದೆ: (51.8), 75.8, 17.9, 24.6, 27.7, 6.8, 31.4, (4.1), 3.0, 28.6. ಕೊನೆಯಲ್ಲಿ ಸರಾಸರಿ 11.07 ಅಂತಿದೆ. ಇಂಥದ್ದಕ್ಕೆ ಗುಣೋತ್ತರ ಸರಾಸರಿ ತೆಗೆಯಬೇಕು ಅಂತ ಎಲ್ಲೋ ಓದಿದ್ದೆ. ಬ್ರಾಕೆಟ್‌ನಲ್ಲಿರುವುದನ್ನು ಮೈನಸ್ ಅಂತ ಹಿಡಿದು ಮಾಡಿದೆ, 10.98 ಬಂತು. ಅವರ ಅಂಕಿಗೆ ಹತ್ತಿರವೇ ಇದೆ. ಆದರೆ ನನ್ನ ತಂಗಿ ಸುಮ್ನೆ ಕೂಡಿ ಹತ್ತರಿಂದ ಭಾಗಿಸಿದರೆ 16 ಬರುತ್ತೆ ಅಂತಾಳೆ. ಯಾವುದನ್ನು ನಂಬಲಿ?

ಉತ್ತರ: ನೀವು ಲೆಕ್ಕ ಮಾಡಿದ ರೀತಿ ಸರಿಯಾಗಿದೆ. ಲೆಕ್ಕಕ್ಕೆ ಹಾಕಿದ ಒಂದು ಅಂಕಿ ತಪ್ಪಿದೆ. 2011ರ ಸಾಲಿನಲ್ಲಿರುವುದು 24.6ರ ಏರಿಕೆ ಅಲ್ಲ, 24.6ರ ಇಳಿಕೆ. ಅದನ್ನು ತಿದ್ದಿ ಮತ್ತೆ ಲೆಕ್ಕ ಹಾಕಿದರೆ ಆ ಹತ್ತು ವರ್ಷಗಳ ವಾರ್ಷಿಕ ಬೆಳವಣಿಗೆ ಸುಮಾರು ಶೇ. 5.5 ಆಗುತ್ತದೆ. 11ರ ಅರ್ಧ. ನಿಮ್ಮ 10.98 ಹೋಗಿ ಹಾಳೆಯ 11.07ರ ಪಕ್ಕದಲ್ಲಿ ಕೂತಿದ್ದು ಬರೀ ಕಾಕತಾಳೀಯ.

ತಪ್ಪು ಎಲ್ಲಿದೆ ಅಂತ ತೋರಿಸಿಕೊಟ್ಟಿದ್ದು ನಿಮ್ಮ ತಂಗಿಯ 16. ಅವರು ಮಾಡಿದ ಲೆಕ್ಕವನ್ನೇ ಸ್ವಲ್ಪ ಮುಂದುವರಿಸೋಣ. ನೀವು ಓದಿದ ಹತ್ತು ಅಂಕಿಗಳನ್ನು ಕೂಡಿದರೆ 159.9 ಬರುತ್ತದೆ, ಹತ್ತರಿಂದ ಭಾಗಿಸಿದರೆ 15.99. ಆದರೆ ಹಾಳೆ ಮಾಡಿದವರಿಗೆ ಬಂದ ಸರಾಸರಿ 11.07. ಅಂದರೆ ಅವರ ಮೊತ್ತ 110.7. ಒಂದೇ ಹಾಳೆ, ಅವೇ ಹತ್ತು ಸಾಲು, ಮೊತ್ತ ಮಾತ್ರ ಬೇರೆ ಬೇರೆ. ಎರಡರ ನಡುವಿನ ವ್ಯತ್ಯಾಸ 49.2. ಇದರ ಅರ್ಧ 24.6. ಈಗ ಪಟ್ಟಿಯಲ್ಲಿ 24.6 ಎಲ್ಲಿದೆ ನೋಡಿ. 2011ರ ಸಾಲಿನಲ್ಲಿದೆ.

ಅರ್ಧ ಯಾಕೆ ಮಾಡಬೇಕು ಅಂದರೆ, ಕಳೆಯಬೇಕಾದ ಅಂಕಿಯನ್ನು ಕೂಡಿಬಿಟ್ಟರೆ ಮೊತ್ತ ಆ ಅಂಕಿಯ ಎರಡರಷ್ಟು ಹೆಚ್ಚಾಗುತ್ತದೆ. ಕಳೆಯದೇ ಬಿಟ್ಟಿದ್ದು ಒಂದು ಸಲ, ಮೇಲಿಂದ ಕೂಡಿದ್ದು ಇನ್ನೊಂದು ಸಲ. ಲೆಕ್ಕಪತ್ರ ಬರೆಯುವವರಿಗೆ ಇದು ಹಳೆಯ ಅಭ್ಯಾಸ. ಖರ್ಚಿನ ಕಡೆ ಬರೆಯಬೇಕಾದ್ದನ್ನು ಜಮೆಯ ಕಡೆ ಬರೆದು ಲೆಕ್ಕ ತಾಳೆಯಾಗದಿದ್ದರೆ, ವ್ಯತ್ಯಾಸವನ್ನು ಅರ್ಧ ಮಾಡಿ ಆ ಅಂಕಿಯನ್ನು ಹುಡುಕುತ್ತಾರೆ. ಫೋಟೋದಿಂದ ಓದಿದ ಶೇಕಡಾ ಪಟ್ಟಿಗೂ ಇದೇ ಪರೀಕ್ಷೆ ಚೆನ್ನಾಗಿ ಒಪ್ಪುತ್ತದೆ, ಯಾಕೆಂದರೆ ಅಲ್ಲಿ ಹೆಚ್ಚಾಗಿ ಕಳೆದುಹೋಗುವುದು ಅಂಕಿ ಅಲ್ಲ, ಚಿಹ್ನೆ.

ನೀವು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಲ್ಯಾಮಿನೇಟ್ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿಳಿ ಪಟ್ಟಿಯಂತೆ ಅಡ್ಡಲಾಗಿ ಬಿದ್ದಿದೆ. ಅದು 2011ರ ಸಾಲಿನ ಮೇಲೇ ಹಾದುಹೋಗಿದೆ. 24.6 ದಪ್ಪ ಅಕ್ಷರ, ಹಾಗಾಗಿ ಬೆಳಕಿನಲ್ಲೂ ಉಳಿದುಕೊಂಡಿದೆ. ಬ್ರಾಕೆಟ್ ತೆಳುವಾದ ಗೆರೆ, ಮಾಯವಾಗಿದೆ. ಎಡಗಡೆಯ ಬ್ರಾಕೆಟ್ಟಿನ ಕೆಳ ತುದಿ ಮಾತ್ರ 2ರ ಪಕ್ಕ ಚುಕ್ಕಿಯಂತೆ ಕಾಣುತ್ತದೆ. ಅದನ್ನು ನೋಡಿದರೆ ಕೊಳೆ ಅಂತಲೇ ಅನ್ನಿಸುತ್ತದೆ.

ಚುಕ್ಕಿಯನ್ನು ನಂಬಿ ಲೆಕ್ಕ ತಿದ್ದುವುದು ಬೇಡ, ಹೊರಗಿನ ಸಾಕ್ಷಿ ಸಿಗುತ್ತದೆ. ನಿಫ್ಟಿ 50 ಸೂಚ್ಯಂಕ 2010ರ ಕೊನೆಯ ವಹಿವಾಟಿನ ದಿನ 6134.50ರಲ್ಲಿ ನಿಂತಿತ್ತು. 2011ರ ಕೊನೆಯ ದಿನ 4624.30. ಇಳಿದಿದೆ, ಅದರಲ್ಲಿ ಅನುಮಾನ ಇಲ್ಲ. 4624.30ನ್ನು 6134.50ರಿಂದ ಭಾಗಿಸಿದರೆ 0.754 ಬರುತ್ತದೆ, ಅಂದರೆ ಶೇ. 24.6 ಕಡಿಮೆ. ಇಂಥ ಹಳೆಯ ಮಟ್ಟಗಳು ಎನ್‌ಎಸ್‌ಇ ಜಾಲತಾಣದಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ.

ಈಗ ಸರಿಯಾದ ಪಟ್ಟಿಯಿಂದ ಲೆಕ್ಕ ಮಾಡೋಣ. ಪ್ರತಿ ವರ್ಷದ ಶೇಕಡಾವನ್ನು ಒಂದು ಗುಣಕ ಮಾಡಿಕೊಳ್ಳಬೇಕು. ನೂರರಿಂದ ಭಾಗಿಸಿ 1ಕ್ಕೆ ಸೇರಿಸಿದರೆ ಆಯಿತು. 75.8 ಏರಿದರೆ 1.758. 51.8 ಇಳಿದರೆ 0.482. ವರ್ಷದ ಶುರುವಿನಲ್ಲಿ ಇದ್ದ ಒಂದು ರೂಪಾಯಿ ಕೊನೆಗೆ ಎಷ್ಟಾಯಿತು ಅಂತ ಈ ಗುಣಕ ಹೇಳುತ್ತದೆ. 2007ರ ಕೊನೆಯಲ್ಲಿ 100 ರೂಪಾಯಿ ಹಾಕಿದ್ದರೆ ಅದು ವರ್ಷ ವರ್ಷ ಹೀಗೆ ಸಾಗುತ್ತದೆ:

```
2008   x 0.482    48.2
2009   x 1.758    84.7
2010   x 1.179    99.9
2011   x 0.754    75.3
2012   x 1.277    96.2
2013   x 1.068   102.7
2014   x 1.314   135.0
2015   x 0.959   129.5
2016   x 1.030   133.3
2017   x 1.286   171.5
```

ಹತ್ತು ವರ್ಷಕ್ಕೆ 100 ರೂಪಾಯಿ 171.5 ಆಯಿತು. ಅಂದರೆ ಒಟ್ಟು ಗುಣಕ 1.715. ಈಗ ಕೇಳಬೇಕಾದ ಪ್ರಶ್ನೆ ಇದು: ಪ್ರತಿ ವರ್ಷವೂ ಒಂದೇ ದರದಲ್ಲಿ ಬೆಳೆದಿದ್ದರೆ ಯಾವ ಗುಣಕವನ್ನು ಹತ್ತು ಸಲ ಗುಣಿಸಿದಾಗ 1.715 ಬರುತ್ತಿತ್ತು? ಅದೇ ಹತ್ತನೇ ಮೂಲ, ಅದೇ ಗುಣೋತ್ತರ ಸರಾಸರಿ. ಮೊಬೈಲಿನ ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ 1.715ರ ಘಾತ 0.1 ಹಾಕಿದರೆ 1.055 ಬರುತ್ತದೆ. ವರ್ಷಕ್ಕೆ ಶೇ. 5.5.

ಘಾತದ ಬಟನ್ ಇಲ್ಲದ ಕ್ಯಾಲ್ಕುಲೇಟರ್ ಇದ್ದರೂ ನಡೆಯುತ್ತದೆ. 1.05ನ್ನು ಹತ್ತು ಸಲ ಗುಣಿಸಿದರೆ 1.629. 1.06ನ್ನು ಹತ್ತು ಸಲ ಗುಣಿಸಿದರೆ 1.791. ನಮಗೆ ಬೇಕಾದ 1.715 ಇವೆರಡರ ಮಧ್ಯದಲ್ಲಿದೆ, ಹಾಗಾಗಿ ಉತ್ತರ ಐದೂವರೆಯ ಆಸುಪಾಸು. ಹಣ ಹಾಕುವ ತೀರ್ಮಾನಕ್ಕೆ ಇಷ್ಟು ನಿಖರತೆ ಸಾಕು.

ಪಟ್ಟಿಯ ಅಂಕಿಗಳನ್ನು ಒಂದು ದಶಮಾಂಶಕ್ಕೆ ಕತ್ತರಿಸಿದ್ದಾರಲ್ಲ, ಅದರಿಂದ ಹತ್ತು ವರ್ಷದಲ್ಲಿ ತಪ್ಪು ಬೆಳೆಯುವುದಿಲ್ಲವೇ ಅಂತ ಕೆಲವರು ಕೇಳುತ್ತಾರೆ. ಮೊದಲ ಮತ್ತು ಕೊನೆಯ ಮಟ್ಟಗಳನ್ನೇ ತೆಗೆದುಕೊಂಡು ನೋಡಿ. 2007ರ ಕೊನೆಗೆ ನಿಫ್ಟಿ 6138.60, 2017ರ ಕೊನೆಗೆ 10530.70. ಭಾಗಿಸಿದರೆ 1.7155. ನಮ್ಮ ಗುಣಾಕಾರದಲ್ಲಿ ಬಂದಿದ್ದು 1.7148. ಕತ್ತರಿಸಿದ ದಶಮಾಂಶಗಳಿಂದ ಆದ ವ್ಯತ್ಯಾಸ ಇಷ್ಟೇ, ಉತ್ತರ ಅಲುಗುವುದಿಲ್ಲ. ಆದರೆ ಒಂದೇ ಒಂದು ಬ್ರಾಕೆಟ್ ಹೋಗಿದ್ದಕ್ಕೆ ಉತ್ತರ ಎರಡರಷ್ಟಾಯಿತು. ದಶಮಾಂಶಕ್ಕಿಂತ ಚಿಹ್ನೆಯ ಬಗ್ಗೆ ಜಾಸ್ತಿ ಎಚ್ಚರ ಬೇಕು ಅಂತ ನಾನು ಯಾವಾಗಲೂ ಹೇಳುವುದು ಇದಕ್ಕೇ.

ಹಾಗಾದರೆ ಹಾಳೆಯಲ್ಲಿ ಅಚ್ಚಾಗಿರುವ 11.07 ಸುಳ್ಳೇ? ಕೂಡಿ ಭಾಗಿಸಿದ ಸರಾಸರಿಯಾಗಿ ಅದು ಸರಿಯಾದ ಅಂಕಿ. "ಆ ಹತ್ತು ವರ್ಷಗಳಲ್ಲಿ ಕಣ್ಣುಮುಚ್ಚಿ ಯಾವುದಾದರೂ ಒಂದು ವರ್ಷವನ್ನು ಆರಿಸಿದರೆ ಸರಾಸರಿ ಎಷ್ಟು ಏರಿರುತ್ತಿತ್ತು" ಅನ್ನುವ ಪ್ರಶ್ನೆಗೆ ಅದು ಉತ್ತರ. ನಿಮ್ಮ ಅಪ್ಪನ ಪ್ರಶ್ನೆ ಅದಲ್ಲ. ಹಾಕಿದ ಹಣ ಹತ್ತು ವರ್ಷ ಅಲ್ಲೇ ಇದ್ದಿದ್ದರೆ ವರ್ಷಕ್ಕೆ ಎಷ್ಟರ ದರದಲ್ಲಿ ಬೆಳೆಯುತ್ತಿತ್ತು ಅನ್ನುವುದು ಅವರಿಗೆ ಬೇಕು. ಅದಕ್ಕೆ 11.07 ಉತ್ತರವೇ ಅಲ್ಲ. ಶೇ. 11.07ರಂತೆ ಹತ್ತು ವರ್ಷ ಬೆಳೆದಿದ್ದರೆ 100 ರೂಪಾಯಿ ಸುಮಾರು 286 ಆಗಬೇಕಿತ್ತು. ಆಗಿದ್ದು 171.5.

ಪಟ್ಟಿಯ ಮೊದಲ ಮೂರು ಸಾಲು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ನನಗೆ ಗೊತ್ತಿರುವ ಮಟ್ಟಿಗೆ ಈ ವಿಷಯ ವಿವರಿಸಲು ಭಾರತದ ಮಾರುಕಟ್ಟೆಯಲ್ಲಿ ಇದಕ್ಕಿಂತ ಒಳ್ಳೆಯ ಮೂರು ವರ್ಷ ಇಲ್ಲ. 2008ರಲ್ಲಿ ಜಗತ್ತಿನ ಹಣಕಾಸು ಕುಸಿತದ ಹೊಡೆತಕ್ಕೆ ನಿಫ್ಟಿ ಶೇ. 51.8 ಬಿತ್ತು. 2009ರಲ್ಲಿ 75.8 ಏರಿತು, 2010ರಲ್ಲಿ 17.9. ಕೂಡಿ ಮೂರರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು ಶೇ. 14. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಈಗ ಮಟ್ಟ ನೋಡಿ. 2007ರ ಕೊನೆಗೆ 6138.60, 2010ರ ಕೊನೆಗೆ 6134.50. ಮೂರು ವರ್ಷ ಕಾದವರಿಗೆ ಸೂಚ್ಯಂಕದಿಂದ ಒಂದು ಪೈಸೆಯೂ ಹುಟ್ಟಲಿಲ್ಲ, ನಾಲ್ಕು ಅಂಶ ಕಡಿಮೆಯೇ ಆಯಿತು. ಶೇ. 14 ಅನ್ನುವ ಸರಾಸರಿ ಯಾರ ಕೈಗೂ ಸಿಗಲಿಲ್ಲ.

ಕಾರಣ ಇಷ್ಟೇ. ಪ್ರತಿ ಶೇಕಡಾಕ್ಕೂ ಅದರದೇ ಬುಡ ಇರುತ್ತದೆ, ಆ ಬುಡ ವರ್ಷ ವರ್ಷ ಬದಲಾಗುತ್ತದೆ. 2008ರ 51.8 ಬಿದ್ದಿದ್ದು 100 ರೂಪಾಯಿಯ ಮೇಲೆ, ಹೋಗಿದ್ದು 51.80. 2009ರ 75.8 ಏರಿದ್ದು ಉಳಿದಿದ್ದ 48.20ರ ಮೇಲೆ, ಬಂದಿದ್ದು ಸುಮಾರು 36.50. ಅಂಕಿ ನೋಡಿದರೆ 75.8 ದೊಡ್ಡದು, ರೂಪಾಯಿ ನೋಡಿದರೆ ಹೋಗಿದ್ದೇ ಜಾಸ್ತಿ. ಶೇಕಡಾಗಳನ್ನು ನೇರವಾಗಿ ಕೂಡುವಾಗ ಅವೆಲ್ಲ ಒಂದೇ ಬುಡದ ಮೇಲೆ ನಿಂತಿವೆ ಅಂತ ಒಪ್ಪಿಕೊಂಡ ಹಾಗಾಗುತ್ತದೆ. ಐವತ್ತು ಬಿದ್ದು ಐವತ್ತು ಎದ್ದರೆ ಸಮ ಅಂತ ತುಂಬಾ ಜನ ನಂಬಿದ್ದಾರೆ. 100 ಹೋಗಿ 50 ಆಗುತ್ತದೆ, ಅದರ ಮೇಲೆ ಐವತ್ತು ಶೇಕಡಾ ಏರಿದರೆ 75. ಮತ್ತೆ 100 ಆಗಬೇಕಾದರೆ ಶೇ. 100 ಏರಬೇಕು.

ಇದರಿಂದ ನಿಮಗೆ ಉಪಯೋಗಕ್ಕೆ ಬರುವ ಒಂದು ಮಾತಿದೆ. ಒಂದೇ ಪಟ್ಟಿಯಿಂದ ತೆಗೆದರೆ ಗುಣೋತ್ತರ ಸರಾಸರಿ ಯಾವತ್ತೂ ಮಾಮೂಲಿ ಸರಾಸರಿಗಿಂತ ಹೆಚ್ಚಾಗುವುದಿಲ್ಲ. ಎಲ್ಲ ವರ್ಷವೂ ಒಂದೇ ದರ ಇದ್ದರೆ ಎರಡೂ ಸಮ. ಏರಿಳಿತ ಹೆಚ್ಚಾದಷ್ಟೂ ಅವುಗಳ ನಡುವಿನ ಅಂತರ ಹೆಚ್ಚು. ವರ್ಷಕ್ಕೆ 6, 7, 7, 8 ಅಂತ ಬಡ್ಡಿ ಕೊಡುವ ಠೇವಣಿಯ ಪಟ್ಟಿಯಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಬರುತ್ತವೆ, ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ 51.8 ಇಳಿಕೆಯಿಂದ 75.8 ಏರಿಕೆಯವರೆಗೆ ಓಡಾಡುವ ಪಟ್ಟಿಯಲ್ಲಿ ನಿಮ್ಮ 10.98 ಮತ್ತು ಅವರ 11.07 ಇಷ್ಟು ಹತ್ತಿರ ಬಂದಿದ್ದೇ ಅನುಮಾನ ಪಡಬೇಕಾದ ವಿಷಯ. ತಾಳೆಯಾಯಿತು ಅಂತ ನೀವು ನೆಮ್ಮದಿ ಪಟ್ಟ ಜಾಗದಲ್ಲೇ ತಪ್ಪಿನ ಸುಳಿವು ಇತ್ತು. ನೀವು ಓದಿದ ಹಾಗೆಯೇ ಪಟ್ಟಿ ಇದ್ದಿದ್ದರೆ 10.98ರ ಜೊತೆಗೆ 15.99 ಬರಬೇಕಿತ್ತು. ಅದನ್ನೇ ನಿಮ್ಮ ತಂಗಿ ಹೇಳಿದ್ದು.

ಇದನ್ನೆಲ್ಲ ಮೊಬೈಲ್ ಬಿಟ್ಟು ಎಕ್ಸೆಲ್‌ನಲ್ಲಿ ಮಾಡುವುದಾದರೆ ಎರಡು ಕಡೆ ಜಾರುತ್ತದೆ. ಮೊದಲನೆಯದು, ಶೇಕಡಾಗಳ ಮೇಲೆ ನೇರವಾಗಿ `GEOMEAN` ಹಾಕುವುದು. ಪಟ್ಟಿಯಲ್ಲಿ ಮೈನಸ್ ಇದ್ದರೆ ಅದು `#NUM!` ಅಂತ ನಿಂತುಬಿಡುತ್ತದೆ, ಅದು ಒಳ್ಳೆಯದೇ. ಕೆಟ್ಟದ್ದು ಏನೆಂದರೆ, ಮೈನಸ್ ಅಡ್ಡ ಬರುತ್ತಿದೆ ಅಂತ ಕೆಲವರು ಆ ಸಾಲುಗಳನ್ನೇ ಅಳಿಸಿಬಿಡುತ್ತಾರೆ. ಆಮೇಲೆ ಬರುವ ಉತ್ತರಕ್ಕೆ ಅರ್ಥವೇ ಇಲ್ಲ. `A` ಕಾಲಂನಲ್ಲಿ ಶೇಕಡಾ ಇಟ್ಟುಕೊಂಡು `B` ಕಾಲಂನಲ್ಲಿ ಗುಣಕ ಮಾಡಿ, `B2`ರ ಸೂತ್ರವನ್ನು `B11`ರವರೆಗೆ ಎಳೆದು, ಆ ಗುಣಕಗಳ ಮೇಲೆ ಹಾಕಬೇಕು:

```
B2:   =1+A2/100
B12:  =GEOMEAN(B2:B11)-1
A13:  =COUNT(A2:A11)
A14:  =SUM(A2:A11)
```

ಎರಡನೆಯದು ಫೋಟೋದಿಂದಲೇ ಬರುವ ತೊಂದರೆ. ಫೋಟೋದಲ್ಲಿರುವ ಅಕ್ಷರಗಳನ್ನು ಮೊಬೈಲಿನಲ್ಲೇ ಕಾಪಿ ಮಾಡಿ ಅಂಟಿಸಿದಾಗ, ಮೈನಸ್ ಜಾಗಕ್ಕೆ ಕೆಲವೊಮ್ಮೆ ಉದ್ದದ ಅಡ್ಡಗೆರೆ ಬಂದಿರುತ್ತದೆ. ಕಣ್ಣಿಗೆ ಮೈನಸ್ಸೇ. ಎಕ್ಸೆಲ್‌ಗೆ ಮಾತ್ರ ಅದು ಸಂಖ್ಯೆ ಅಲ್ಲ, ಬರೀ ಅಕ್ಷರ. ಕೂಡುವಾಗ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಅದಕ್ಕೇ ಮೇಲೆ `COUNT` ಹಾಕಿರುವುದು. ಹತ್ತು ವರ್ಷದ ಪಟ್ಟಿಗೆ ಅದು 10 ತೋರಿಸಬೇಕು. 9 ತೋರಿಸಿದರೆ ಒಂದು ಸಾಲು ಅಕ್ಷರವಾಗಿ ಕೂತಿದೆ ಅಂತ ಅರ್ಥ. ಸಂಖ್ಯೆಗಳು ಬಲಕ್ಕೆ ಅಂಟಿಕೊಂಡು ನಿಂತರೆ ಅಂಥ ಸಾಲು ಎಡಕ್ಕೆ ಅಂಟಿಕೊಂಡಿರುತ್ತದೆ, ನೋಡಿದ ತಕ್ಷಣ ಗೊತ್ತಾಗುತ್ತದೆ. ಹತ್ತೇ ಸಾಲಾದರೆ ಅಂಟಿಸುವುದಕ್ಕಿಂತ ಕೈಯಲ್ಲಿ ಟೈಪ್ ಮಾಡುವುದು ಮೇಲು. `(24.6)` ಅಂತ ಬ್ರಾಕೆಟ್ ಸಮೇತ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಮೈನಸ್ ಆಗಿಯೇ ತೆಗೆದುಕೊಳ್ಳುತ್ತದೆ.

`A14`ರ ಮೊತ್ತ ಇರುವುದು ಹಾಳೆಯಲ್ಲಿ ಅಚ್ಚಾದ ಸರಾಸರಿಯ ಜೊತೆ ತಾಳೆ ನೋಡುವುದಕ್ಕೆ. ನಿಮ್ಮ ತಂಗಿ ಮಾಡಿದ ಪರೀಕ್ಷೆ ಅದು. ಅಚ್ಚಾದ ಸರಾಸರಿ ನಮ್ಮ ತೀರ್ಮಾನಕ್ಕೆ ಬೇಕಾಗಿಲ್ಲ, ಓದಿದ್ದು ಸರಿಯಾಗಿದೆಯೇ ಅಂತ ನೋಡಲು ಮಾತ್ರ ಅದು ತುಂಬಾ ಉಪಕಾರಿ.

ಫೋಟೋದಲ್ಲಿ ಇನ್ನೂ ಒಂದು ಅಪಾಯ ಇದೆ, ನಿಮ್ಮದರಲ್ಲಿ ಅದು ಆಗಿಲ್ಲ. ಮೇಲಿನ ಅಥವಾ ಕೆಳಗಿನ ಸಾಲು ಚೌಕಟ್ಟಿನ ಹೊರಗೆ ಉಳಿದುಬಿಡುವುದು. ನಿಮ್ಮ ಫೋಟೋದಲ್ಲಿ 2008ರ ಸಾಲು ತಪ್ಪಿದ್ದರೆ ಏನಾಗುತ್ತಿತ್ತು ನೋಡಿ. ಉಳಿದ ಒಂಬತ್ತು ವರ್ಷಕ್ಕೆ ಹಣ 3.56 ಪಟ್ಟು ಆಗುತ್ತದೆ. ಒಂಬತ್ತನೇ ಮೂಲ ತೆಗೆದರೆ ವರ್ಷಕ್ಕೆ ಶೇ. 15.1. ಒಂದು ಸಾಲು ಇದ್ದರೆ 5.5, ಇಲ್ಲದಿದ್ದರೆ 15.1. ಲೆಕ್ಕ ಎರಡೂ ಸರಿ, ಅವಧಿ ಬೇರೆ ಅಷ್ಟೇ. ಆದ್ದರಿಂದ ಅಂಕಿಗಳ ಜೊತೆ ಇಸವಿಯ ಕಾಲಂ ಕೂಡ ಫೋಟೋದಲ್ಲಿ ಪೂರ್ತಿ ಬಂದಿರಬೇಕು. ಎಷ್ಟನೇ ಮೂಲ ತೆಗೆಯಬೇಕು ಅನ್ನುವುದು ಬದಲಾವಣೆಗಳ ಸಂಖ್ಯೆಯಿಂದ ತೀರ್ಮಾನವಾಗುತ್ತದೆ. ಶೇಕಡಾ ಪಟ್ಟಿಯಲ್ಲಿ ಹತ್ತು ಸಾಲಿದ್ದರೆ ಹತ್ತನೇ ಮೂಲ. ಶೇಕಡಾ ಬದಲು ಸೂಚ್ಯಂಕದ ಮಟ್ಟಗಳನ್ನೇ ಬರೆದಿದ್ದರೆ ಹತ್ತು ವರ್ಷಕ್ಕೆ ಹನ್ನೊಂದು ಸಾಲು ಇರುತ್ತವೆ, ಆಗಲೂ ಹತ್ತನೇ ಮೂಲವೇ.

ಇದೇ ಅಂಕಿಗಳು ಅವಧಿಯ ಆಯ್ಕೆಯ ಬಗ್ಗೆಯೂ ಹೇಳುತ್ತವೆ. 2007ರ ಕೊನೆ ಅಂದರೆ ಮಾರುಕಟ್ಟೆ ಶಿಖರದ ಹತ್ತಿರ ಇದ್ದ ಕಾಲ. ಅಲ್ಲಿಂದ ಶುರು ಮಾಡಿದರೆ ಯಾವ ಲೆಕ್ಕವೂ ಸಪ್ಪೆಯಾಗಿಯೇ ಕಾಣುತ್ತದೆ. 2008ರ ಕೊನೆಯಲ್ಲಿ 2959.15ಕ್ಕೆ ಬಿದ್ದಾಗ ಶುರು ಮಾಡಿದರೆ ಎಲ್ಲವೂ ಹೊಳೆಯುತ್ತದೆ. ಅದೇ 2007ರ ಕೊನೆಯಿಂದ ಹೊರಟು 2024ರ ಕೊನೆಯವರೆಗೆ ಹೋದರೆ ನಿಫ್ಟಿ 23644.80. ಹದಿನೇಳು ವರ್ಷಕ್ಕೆ 3.85 ಪಟ್ಟು, ವರ್ಷಕ್ಕೆ ಸುಮಾರು ಶೇ. 8.3. ಹಾಗಾಗಿ 5.5 ಅನ್ನುವುದು ಆ ಹತ್ತು ವರ್ಷದ ಸತ್ಯ. ಮುಂದಿನ ಹತ್ತು ವರ್ಷಕ್ಕೆ ಅದು ಭರವಸೆಯೂ ಅಲ್ಲ, ಬೆದರಿಕೆಯೂ ಅಲ್ಲ.

ಏಜೆಂಟರ ಪರವಾಗಿ ಒಂದು ಮಾತು ಹೇಳಲೇಬೇಕು. ನಿಮ್ಮ ಹಾಳೆಯಲ್ಲಿರುವುದು ಸೂಚ್ಯಂಕದ ಮಟ್ಟದ ಏರಿಳಿತ ಮಾತ್ರ. ನಿಫ್ಟಿಯ ಐವತ್ತು ಕಂಪನಿಗಳು ಪ್ರತಿ ವರ್ಷ ಕೊಡುವ ಡಿವಿಡೆಂಡ್ ಅದರಲ್ಲಿ ಸೇರಿಲ್ಲ. ಡಿವಿಡೆಂಡನ್ನು ಮತ್ತೆ ಹೂಡಿದರೆ ಎಷ್ಟಾಗುತ್ತದೆ ಅಂತ ತೋರಿಸಲು ಟೋಟಲ್ ರಿಟರ್ನ್ ಇಂಡೆಕ್ಸ್, ಅಂದರೆ ಟಿಆರ್‌ಐ ಅಂತ ಬೇರೆ ಸರಣಿ ಇದೆ. ಅದರ ಪ್ರಕಾರ ತೆಗೆದರೆ 5.5ಕ್ಕಿಂತ ಹೆಚ್ಚು ಬರುತ್ತದೆ. 2018ರ ಫೆಬ್ರವರಿಯಿಂದ ಮ್ಯೂಚುವಲ್ ಫಂಡ್‌ಗಳು ತಮ್ಮ ಸಾಧನೆಯನ್ನು ಟಿಆರ್‌ಐ ಜೊತೆಗೇ ಹೋಲಿಸಬೇಕು ಅಂತ ಸೆಬಿ ಕಡ್ಡಾಯ ಮಾಡಿದೆ. ನಿಮಗೆ ತೋರಿಸಿದ ಹಾಳೆ ಅದಕ್ಕಿಂತ ಹಿಂದಿನ ಕಾಲದ್ದು ಅನ್ನಿಸುತ್ತದೆ. ಇನ್ನೊಂದು ಕಡೆ, ಫಂಡ್ ನಡೆಸುವ ಖರ್ಚು ಸೂಚ್ಯಂಕದಲ್ಲಿ ಕಳೆದಿರುವುದಿಲ್ಲ, ನಿಮ್ಮ ಅಪ್ಪನ ಹಣದಲ್ಲಿ ಕಳೆಯುತ್ತದೆ.

ಈಗ ಅಪ್ಪನ ವಿಷಯಕ್ಕೆ ಬರುತ್ತೇನೆ. ಗುಣೋತ್ತರ ಸರಾಸರಿ ಸರಿಯಾಗಿ ಹೇಳುವುದು ಒಂದೇ ಸಂದರ್ಭದಲ್ಲಿ: ಒಂದು ಸಲ ಹಣ ಹಾಕಿ, ನಡುವೆ ಹಾಕದೆ ತೆಗೆಯದೆ, ಕೊನೆಗೆ ಒಟ್ಟಿಗೆ ತೆಗೆದಾಗ. ರಿಟೈರ್ ಆದವರು ಹಾಗೆ ಮಾಡುವುದು ಕಮ್ಮಿ. ಮನೆ ಖರ್ಚಿಗೆ ವರ್ಷ ವರ್ಷ ಸ್ವಲ್ಪ ತೆಗೆಯುತ್ತಾರೆ. ಆಗ ಸರಾಸರಿ ಎಷ್ಟು ಅನ್ನುವುದಕ್ಕಿಂತ ಕೆಟ್ಟ ವರ್ಷ ಯಾವಾಗ ಬಂತು ಅನ್ನುವುದು ಮುಖ್ಯವಾಗುತ್ತದೆ.

ಅದೇ ಮೂರು ವರ್ಷ ತೆಗೆದುಕೊಳ್ಳಿ. 100 ರೂಪಾಯಿ ಹಾಕಿ ಪ್ರತಿ ವರ್ಷದ ಕೊನೆಗೆ 10 ತೆಗೆದರು ಅಂದುಕೊಳ್ಳಿ. ಮೊದಲ ವರ್ಷ 100 ಹೋಗಿ 48.2 ಆಯಿತು, 10 ತೆಗೆದರೆ 38.2. ಎರಡನೇ ವರ್ಷ 75.8 ಏರಿ 67.2, ತೆಗೆದ ಮೇಲೆ 57.2. ಮೂರನೇ ವರ್ಷ 67.4, ತೆಗೆದ ಮೇಲೆ 57.4. ಈಗ ಅವೇ ಮೂರು ವರ್ಷಗಳನ್ನು ಹಿಂದುಮುಂದು ಮಾಡಿ. ಮೊದಲು 17.9 ಏರಿಕೆ, ಆಮೇಲೆ 75.8 ಏರಿಕೆ, ಕೊನೆಗೆ 51.8 ಇಳಿಕೆ. ಅಷ್ಟೇ ಹಣ ತೆಗೆದರೂ ಕೊನೆಗೆ 76.6 ಉಳಿಯುತ್ತದೆ. ಗುಣೋತ್ತರ ಸರಾಸರಿ ಎರಡಕ್ಕೂ ಒಂದೇ, ಸೊನ್ನೆಗೆ ಹತ್ತಿರ. ಗುಣಿಸುವಾಗ ಅಂಕಿಗಳ ಕ್ರಮ ಬದಲಾದರೆ ಉತ್ತರ ಬದಲಾಗುವುದಿಲ್ಲವಲ್ಲ. ಕೈಯಲ್ಲಿ ಉಳಿದ ಹಣ ಮಾತ್ರ ಒಂದರಲ್ಲಿ 57, ಇನ್ನೊಂದರಲ್ಲಿ 77. ಮೊದಲ ಪಟ್ಟಿಯಲ್ಲಿ ಮಾರುಕಟ್ಟೆ ನೆಲ ಕಚ್ಚಿದ್ದಾಗಲೇ ಯೂನಿಟ್ ಮಾರಬೇಕಾಯಿತು, ಮಾರಿದ ಯೂನಿಟ್‌ಗಳಿಗೆ ಮುಂದಿನ ಏರಿಕೆ ಸಿಗಲಿಲ್ಲ.

ಹಾಗಾಗಿ ನನ್ನ ಸಲಹೆ ಅಪ್ಪನ ಹಣವನ್ನು ಯಾವಾಗ ಬೇಕಾಗುತ್ತದೆ ಅನ್ನುವುದರ ಮೇಲೆ ನಿಲ್ಲುತ್ತದೆ. ಮುಂದಿನ ನಾಲ್ಕೈದು ವರ್ಷದ ಖರ್ಚಿಗೆ ಬೇಕಾದ ಹಣಕ್ಕೆ ಈ ಪಟ್ಟಿಯ ಯಾವ ಸರಾಸರಿಯೂ ಅನ್ವಯಿಸುವುದಿಲ್ಲ. ಅದಕ್ಕೆ ನೋಡಬೇಕಾದ್ದು ಪಟ್ಟಿಯ ಅತಿ ಕೆಟ್ಟ ಸಾಲು, 51.8ರ ಇಳಿಕೆ. ಅಷ್ಟು ಇಳಿದಾಗಲೂ ತೆಗೆಯಲೇಬೇಕಾದ ಹಣವನ್ನು ಇದರಲ್ಲಿ ಇಡುವುದು ಬೇಡ. ಠೇವಣಿಯಲ್ಲಿ ಬಡ್ಡಿ ಕಮ್ಮಿ, ಬೆಲೆ ಏರಿಕೆ ಅದನ್ನು ತಿನ್ನುತ್ತದೆ, ಅದು ನಿಜವಾದ ನಷ್ಟ. ಆದರೂ ಹತ್ತಿರದ ಖರ್ಚಿಗೆ ಆ ನಷ್ಟ ತಡೆದುಕೊಳ್ಳುವಂಥದ್ದು. ಹತ್ತು ವರ್ಷ ಮುಟ್ಟದೆ ಇಡಬಹುದಾದ ಭಾಗ ಇದ್ದರೆ ಇಂಡೆಕ್ಸ್ ಫಂಡ್ ಕೆಟ್ಟ ಆಯ್ಕೆ ಅಲ್ಲ. ಆಗಲೂ 11 ಅಂತ ಇಟ್ಟುಕೊಂಡು ಲೆಕ್ಕ ಹಾಕಬೇಡಿ. ಹಣ ಹತ್ತು ವರ್ಷಕ್ಕೆ ಸುಮಾರು ಮೂರು ಪಟ್ಟು ಆಗುತ್ತದೆ ಅಂತ ನಂಬಿ ಖರ್ಚಿನ ಯೋಜನೆ ಹಾಕಿಕೊಂಡರೆ, ಒಂದೂಮುಕ್ಕಾಲು ಪಟ್ಟು ಕೂಡ ಆಗದ ಹತ್ತು ವರ್ಷ ಈಗಾಗಲೇ ಬಂದು ಹೋಗಿದೆ.

ತಿಂಗಳು ತಿಂಗಳು ಸ್ವಲ್ಪ ಹಾಕುತ್ತೇವೆ ಅನ್ನುವುದಾದರೆ ಈ ಲೆಕ್ಕವನ್ನೇ ಬಿಟ್ಟು ಎಕ್ಸೆಲ್‌ನ `XIRR` ಬಳಸಬೇಕು. ಪ್ರತಿ ಕಂತಿನ ದಿನಾಂಕವನ್ನೂ ಮೊತ್ತವನ್ನೂ ಅದು ಗಣನೆಗೆ ತೆಗೆದುಕೊಳ್ಳುತ್ತದೆ.

ಏಜೆಂಟರನ್ನು ಮತ್ತೆ ಭೇಟಿ ಮಾಡಿದಾಗ ನಿಫ್ಟಿ 50 ಟಿಆರ್‌ಐನ ವರ್ಷಾಂತ್ಯದ ಮಟ್ಟಗಳ ಪಟ್ಟಿ ಕೇಳಿ, ಶೇಕಡಾಗಳದ್ದಲ್ಲ. ಮಟ್ಟಗಳಿಗೆ ಮೈನಸ್ಸೂ ಇಲ್ಲ, ಬ್ರಾಕೆಟ್ಟೂ ಇಲ್ಲ. ಕೊನೆಯ ಅಂಕಿಯನ್ನು ಮೊದಲ ಅಂಕಿಯಿಂದ ಭಾಗಿಸಿ ಮೂಲ ತೆಗೆದರೆ ಮುಗಿಯಿತು. ಶೇಕಡಾ ಹಾಳೆಯೇ ಸಿಕ್ಕರೆ ಟ್ಯೂಬ್‌ಲೈಟಿನಿಂದ ಸ್ವಲ್ಪ ಓರೆಯಾಗಿ ಹಿಡಿದು ಎರಡು ಫೋಟೋ ತೆಗೆಯಿರಿ, ಬೆಳಕು ಎರಡರಲ್ಲೂ ಒಂದೇ ಸಾಲಿನ ಮೇಲೆ ಬೀಳುವುದಿಲ್ಲ. ಇಳಿಕೆಗಳನ್ನು ಕೆಂಪು ಅಕ್ಷರದಲ್ಲಿ ಅಚ್ಚು ಹಾಕಿರುವ ಹಾಳೆಯಾದರೆ ಅದರ ಕಪ್ಪುಬಿಳುಪು ಜೆರಾಕ್ಸ್ ತೆಗೆದುಕೊಳ್ಳಬೇಡಿ, ಅದರಲ್ಲಿ ಇಳಿಕೆ ಯಾವುದು ಏರಿಕೆ ಯಾವುದು ಅಂತ ಗೊತ್ತಾಗುವುದೇ ಇಲ್ಲ.